ಹೋಮ್ ನರ್ಸ್ ಅತ್ತೆಯನ್ನು ಪಾಪು ಥರ ಮಾತಾಡಿಸುತ್ತಾಳೆ, ಏನು ಮಾಡಲಿ?

*ಅತ್ತೆಗೆ 78 ವರ್ಷ. ಮನೆಗೆ ಬರುವ ಹೋಮ್ ನರ್ಸ್ “ಜಾಣ ಪಾಪು, ಆ ಮಾಡು” ಅಂತಲೇ ಮಾತಾಡಿಸುತ್ತಾಳೆ. ಪ್ರೀತಿಯಿಂದಲೇ. ಆದರೆ ಅತ್ತೆ ಈಗೀಗ ಮಾತೇ ಕಡಿಮೆ ಮಾಡಿದ್ದಾರೆ. ನಾನು ಸುಮ್ನೆ ತಲೆ ಕೆಡಿಸಿಕೊಳ್ತಿದ್ದೇನಾ?*

ಇಲ್ಲ. ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮದು. ಅಪ್ಪ ಕನ್ನಡ ಶಾಲೆಯಲ್ಲಿ ಮಾಷ್ಟ್ರಾಗಿದ್ದವರು. ಜಾರಿ ಬಿದ್ದು ಸೊಂಟದ ಆಪರೇಷನ್ ಆದ ಮೇಲೆ ಕಣ್ಣೂರು ಕಡೆಯ ಒಬ್ಬ ಹುಡುಗಿ ನೋಡಿಕೊಳ್ಳಲು ಬಂದಳು. ಕೆಲಸದಲ್ಲಿ ಚುರುಕು, ಮನಸ್ಸೂ ಒಳ್ಳೆಯದು. ಆದರೆ ಮಾತ್ರೆಯ ಹೊತ್ತಿಗೆ ರಾಗ ಎಳೆದು “ನಾವೀಗ ಮಾತ್ರೆ ತಿನ್ನೋಣ್ವಾ?” ಅನ್ನುವಳು. ನುಂಗಿದರೆ ಮಲಯಾಳದಲ್ಲಿ “ನಲ್ಲ ಕುಟ್ಟಿ!”, ಅಂದರೆ ಒಳ್ಳೆ ಮಗು, ಅಂತ ಶಹಬ್ಬಾಸ್.

ಅಪ್ಪ ತುಟಿ ಬಿಗಿ ಹಿಡಿಯತೊಡಗಿದರು. ಒಮ್ಮೊಮ್ಮೆ ಉಗುಳಿಯೂ ಬಿಟ್ಟರು. ನಾವು ಹಟ ಅಂದುಕೊಂಡೆವು, ಆಮೇಲೆ ಮರೆವು ಶುರುವಾಯಿತೇನೋ ಅಂತ ಹೆದರಿದೆವು. ಅಡಿಕೆ ಮಾರಿದ ಲೆಕ್ಕ ಬರೆಯುವ ಪುಸ್ತಕ ಮುಂದಿಟ್ಟರೆ “ನೀನೇ ನೋಡು, ನನಗೆಂತ ಗೊತ್ತಾಗ್ತದೆ” ಅನ್ನತೊಡಗಿದರು. ಆ ಮಾತು ನನಗೆ ಚುಚ್ಚಿತು.

ಒಂದು ಬೆಳಿಗ್ಗೆ ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡೆ. “ತಿನ್ನೋಣ್ವಾ” ಅನ್ನುವುದು ಪ್ರಶ್ನೆಯೇ ಅಲ್ಲ, ಮಾತ್ರೆ ಆಗಲೇ ಬಾಯಿಯ ಹತ್ತಿರ ಬಂದಿರುತ್ತದೆ. ತಿನ್ನುವವರು ಒಬ್ಬರೇ ಆದರೂ ಅದು “ನಾವು”. ನುಂಗಿದ್ದಕ್ಕೆ ಹೊಗಳಿಕೆ ಬೇರೆ. ಬೇಡ ಅನ್ನಲು ಅಪ್ಪನಿಗೆ ಉಳಿದ ದಾರಿ ಬಾಯಿ ಮುಚ್ಚುವುದು ಒಂದೇ.

ಇದನ್ನು ಅಳೆದು ನೋಡಿದವರೂ ಇದ್ದಾರೆ. ಅಮೆರಿಕದ ಕ್ರಿಸ್ಟೀನ್ ವಿಲಿಯಮ್ಸ್ ಮತ್ತು ಜೊತೆಯವರು ವೃದ್ಧರ ಆರೈಕೆ ಕೇಂದ್ರಗಳಲ್ಲಿ, ಮರೆಗುಳಿತನ ಇದ್ದವರ ಸ್ನಾನ, ಬಟ್ಟೆ ಹಾಕುವ ಹೊತ್ತಿನ ವಿಡಿಯೋ ತೆಗೆದು ನೋಡಿದರು. 2009ರಲ್ಲಿ ಅದು ಪ್ರಕಟವಾಯಿತು. ಪಾಪು ಮಾತು ಬಂದಾಗ ತಳ್ಳುವುದು, ಕಿರುಚುವುದು, ಮುಖ ತಿರುಗಿಸುವುದು ಶುರುವಾಗುವ ಸಾಧ್ಯತೆ ನೂರಕ್ಕೆ 55. ದೊಡ್ಡವರ ಜೊತೆ ಮಾತಾಡುವಂತೆ ಮಾತಾಡಿದಾಗ 26. ಮರೆವು ಇದ್ದವರಿಗೆ ಏನು ತಿಳಿಯುತ್ತದೆ ಅನ್ನುವವರಿಗೆ ನಾನು ಇದನ್ನೇ ಹೇಳುವುದು.

ಹಾಗಂತ ಮಾತನ್ನು ಸುಲಭ ಮಾಡುವುದೆಲ್ಲ ತಪ್ಪಲ್ಲ. ಸೂಸನ್ ಕೆಂಪರ್ ಎಂಬ ಸಂಶೋಧಕಿ ಈ ಮಾತಿನ ಒಂದೊಂದು ಅಂಶವನ್ನು ಬೇರೆ ಬೇರೆ ಮಾಡಿ ಪರೀಕ್ಷಿಸಿದರು. ವಿಷಯವನ್ನು ಇನ್ನಷ್ಟು ಬಿಡಿಸಿ ಹೇಳುವುದು, ಒಂದರೊಳಗೊಂದು ಸಿಕ್ಕಿಕೊಂಡ ವಾಕ್ಯ ಬಿಡುವುದು ಇವೆರಡೂ ಹಿರಿಯರಿಗೆ ಉಪಯೋಗವಾದವು. ಕೀಚಲು ದನಿ, ಎಳೆದೆಳೆದು ಹೇಳುವುದು ಉಪಯೋಗವಾಗಲಿಲ್ಲ. ಕಾರಣ ಸ್ವಲ್ಪ ಕಿವಿಯಲ್ಲೂ ಇದೆ. ವಯಸ್ಸಾದಾಗ ಮೊದಲು ಮಂದವಾಗುವುದು ತೆಳು, ಎತ್ತರದ ಸದ್ದು. ಹಾಗಾಗಿ ದನಿ ಕೀಚಲಾದಷ್ಟೂ ಕೇಳುವುದು ಕಷ್ಟ. ಎದುರು ಕೂತು, ಮುಖ ಕಾಣುವಂತೆ, ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳಬೇಕು.

ನಮ್ಮ ಕನ್ನಡದಲ್ಲಿ ಇನ್ನೊಂದು ತೊಡಕು ಇದೆ, ಕ್ರಿಯಾಪದ ಕೊನೆಗೆ ಬರುವುದು. “ಮೊನ್ನೆ ಡಾಕ್ಟರು ಬರೆದುಕೊಟ್ಟ ಮಾತ್ರೆ ಖಾಲಿಯಾದ್ದರಿಂದ ಕುಂಬಳೆಗೆ ಹೋದ ತಮ್ಮ ಬರುವವರೆಗೆ ಹಳೇದನ್ನೇ ತಗೊಳ್ಳಿ” ಅಂದರೆ ಕೊನೆಯ ಪದದವರೆಗೆ ಎಲ್ಲವನ್ನೂ ತಲೆಯಲ್ಲಿ ಹಿಡಿದಿರಬೇಕು. “ಹೊಸ ಮಾತ್ರೆ ಖಾಲಿ. ತಮ್ಮ ಕುಂಬಳೆಯಿಂದ ತರ್ತಾನೆ. ಅಲ್ಲಿವರೆಗೆ ಹಳೇದು ತಗೊಳ್ಳಿ” ಅಂದರೆ ಮಾತು ಸುಲಭ, ಮರ್ಯಾದೆಯೂ ಹಾಗೇ ಇದೆ.

ನರ್ಸ್ ಹತ್ತಿರ ಹೇಗೆ ಹೇಳುವುದು ಅನ್ನುವುದೇ ದೊಡ್ಡ ತಲೆನೋವು, ಅಲ್ವಾ? ನಾನು ತಪ್ಪು ಎತ್ತಿ ಆಡಲಿಲ್ಲ. ಅವಳಿಗೆ ಕನ್ನಡ ಅಷ್ಟಕ್ಕಷ್ಟೇ. “ನೀನು” ಅಂದರೆ ಅದು ಸಸಾರ ಅಲ್ಲ, “ನೀವು” ಬಾಯಿಗೆ ಬರುತ್ತಿರಲಿಲ್ಲ. “ಅಪ್ಪನನ್ನು ಊರಿನಲ್ಲಿ ಎಲ್ಲರೂ ಮಾಷೆ ಅಂತಾರೆ, ನೀನೂ ಹಾಗೇ ಕರೆ” ಅಂದೆ. ಮಲಯಾಳದವಳಿಗೆ ಅದು ಸಲೀಸಾಗಿ ಬಂತು. ಆ ಪದದ ಜೊತೆ “ನಲ್ಲ ಕುಟ್ಟಿ” ಕೂಡಿ ಬರುವುದಿಲ್ಲ ನೋಡಿ!

ಮಾತ್ರೆ ಬಾಯಿಗಲ್ಲ, ಅಂಗೈಗೆ. “ಮಾಷೆ, ಬಿಪಿ ಮಾತ್ರೆ. ನೀರು ಸಾಕಾ, ಮಜ್ಜಿಗೆ ಬೇಕಾ?” ಕೇಳಿದ ಮೇಲೆ ಮನಸ್ಸಿನಲ್ಲಿ ಹತ್ತು ಎಣಿಸುವಷ್ಟು ಹೊತ್ತು ಸುಮ್ಮನೆ ಕಾಯುವುದು. ಅವಳಿಗಿಂತ ನನಗೇ ಅದು ಕಷ್ಟವಾಯಿತು. ಮೊದಲ ಎರಡು ದಿನ ಏನೂ ಬದಲಾಗಲಿಲ್ಲ. ಮೂರನೇ ದಿನ “ಮಜ್ಜಿಗೆ” ಅಂದರು. ಲೆಕ್ಕದ ಪುಸ್ತಕ ತೆಗೆಯಲು ಇನ್ನೂ ತಿಂಗಳು ಹಿಡಿಯಿತು. ಸೊಂಟದ ನೋವು ಇಳಿದದ್ದೂ ಅದಕ್ಕೆ ಕಾರಣ, ಎಲ್ಲ ಮಾತಿನಿಂದಲೇ ಅನ್ನಲಾರೆ.

ನಿಮ್ಮ ಅತ್ತೆಯ ಮೌನಕ್ಕೂ ಬೇರೆ ಕಾರಣ ಇರಬಹುದು. ಕಿವಿ ಒಮ್ಮೆ ತೋರಿಸಿ, ಗುಗ್ಗೆ ಕಟ್ಟಿದ್ದರೂ ಹೀಗಾಗುತ್ತದೆ. ಮಾತು ಕಡಿಮೆಯಾದದ್ದು ಹಠಾತ್ತಾಗಿದ್ದರೆ, ಇಲ್ಲವೇ ತೊದಲುತ್ತಿದ್ದರೆ, ಕಾಯದೆ ಡಾಕ್ಟರ ಹತ್ತಿರ ಹೋಗಿ. ನರ್ಸ್ ಇಲ್ಲದಾಗ, ನೆರೆಯವರ ಜೊತೆ, ಫೋನಿನಲ್ಲಿ ಚೆನ್ನಾಗಿ ಮಾತಾಡಿ ಅವಳು ಬಂದ ಕೂಡಲೇ ಸುಮ್ಮನಾಗುತ್ತಾರಾದರೆ ನಿಮ್ಮ ಅನುಮಾನ ಸರಿ. ಆದರೆ ಕೆಲವರಿಗೆ ಮುದ್ದಿನ ಹೆಸರು ನಿಜಕ್ಕೂ ಇಷ್ಟ. ನೀವು ನಿರ್ಧರಿಸುವ ಮೊದಲು ಅತ್ತೆಯನ್ನೇ ಕೇಳಿ, “ನರ್ಸ್ ನಿಮ್ಮನ್ನು ಏನಂತ ಕರೆಯಬೇಕು?” ಅಂತ.