ತಿಂಗಳ ಲೆಕ್ಕದ ಡ್ಯಾಶ್‌ಬೋರ್ಡ್‌ನಲ್ಲಿ 22 ಅಂಕಿ ಹಿಡಿಸುವುದು ಹೇಗೆ?

ಪ್ರಶ್ನೆ: ನಮ್ಮದು ಎಲೆಕ್ಟ್ರಿಕಲ್ ಸಾಮಾನಿನ ಹೋಲ್‌ಸೇಲ್. ಮಾಲೀಕರಿಗೆ ಪ್ರತಿ ತಿಂಗಳು ಎಕ್ಸೆಲ್‌ನಲ್ಲಿ ಒಂದು ಪುಟದ ಡ್ಯಾಶ್‌ಬೋರ್ಡ್ ಕೊಡಬೇಕು. 22 ಅಂಕಿಗಳಿವೆ. ಎಲ್ಲವೂ ಹಿಡಿಸಬೇಕೆಂದರೆ ಯಾವ ಚಾರ್ಟ್ ಬಳಸಲಿ?

ಚಾರ್ಟ್ ಹುಡುಕುವುದನ್ನು ಬಿಡಿ. 22ರಲ್ಲಿ 15 ಅಂಕಿ ತೆಗೆದುಹಾಕಿ. ನಾನು ಲೆಕ್ಕ ನೋಡುತ್ತಿದ್ದುದೂ ಇಂಥದೇ ಒಂದು ಹೋಲ್‌ಸೇಲ್ ಅಂಗಡಿಯದು. 19 ಅಂಕಿ, ನಾಲ್ಕು ಬಣ್ಣದ ಚಾರ್ಟ್ ಹಾಕಿ ಕೊಟ್ಟಿದ್ದೆ. ಆ ಪುಟದಲ್ಲಿ ಮಾರಾಟ 42.3 ಎಂದಿತ್ತು, ಅದರ ಪಕ್ಕದಲ್ಲೇ ಉದ್ರಿ ಬಾಕಿ 9.6. ಆಗಷ್ಟೇ ವ್ಯವಹಾರ ಕೈಗೆ ತೆಗೆದುಕೊಂಡಿದ್ದ ಮಾಲೀಕರ ಮಗ ಎರಡನ್ನೂ ಲಕ್ಷ ಎಂದೇ ಓದಿದರು. ಉದ್ರಿ ಹಿಡಿತದಲ್ಲಿದೆ ಎಂದುಕೊಂಡು ಮೂವರು ಕಾಂಟ್ರ್ಯಾಕ್ಟರ್‌ಗಳಿಗೆ ಸಾಲದ ಮಿತಿ ಏರಿಸಿದರು. ಮುಂದಿನ ತಿಂಗಳು ಕಂಪನಿಗಳಿಗೆ ದುಡ್ಡು ಕಟ್ಟುವ ಹೊತ್ತಿಗೆ ಬ್ಯಾಂಕಿನಲ್ಲಿ ಹಣವಿರಲಿಲ್ಲ. ಓವರ್‌ಡ್ರಾಫ್ಟ್‌ಗೆ ಬಡ್ಡಿ ಕಟ್ಟಬೇಕಾಯಿತು.

ಬಾಕಿ ನಿಜವಾಗಿ ಇದ್ದದ್ದು 96 ಲಕ್ಷ. ಇದು ಹೇಗಾಯಿತೆಂದು ಬಿಡಿಸಿ ಹೇಳುತ್ತೇನೆ, ಏಕೆಂದರೆ ಎಕ್ಸೆಲ್‌ನಲ್ಲಿ ಈ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಮಾರಾಟದ ಸೆಲ್‌ನಲ್ಲಿ ನಾನು ರೂಪಾಯಿಯನ್ನು 1,00,000ದಿಂದ ಭಾಗಿಸಿದ್ದೆ. ಉದ್ರಿಯ ಸೆಲ್ಲನ್ನು ಮಾತ್ರ ಎಲ್ಲಿಂದಲೋ ತಂದ ಸಿದ್ಧ ಟೆಂಪ್ಲೇಟಿನಿಂದ ಕಾಪಿ ಮಾಡಿದ್ದೆ. ಅದರ ನಂಬರ್ ಫಾರ್ಮ್ಯಾಟ್ ಹೀಗಿತ್ತು:

```
0.0,,
```

ಸೊನ್ನೆಯ ನಂತರ ಬರುವ ಒಂದೊಂದು ಕಾಮಾ ಕೂಡ ಅಂಕಿಯನ್ನು ಸಾವಿರದಿಂದ ಭಾಗಿಸಿ ತೋರಿಸುತ್ತದೆ. ಎರಡು ಕಾಮಾ ಇದ್ದರೆ ಮಿಲಿಯನ್. ಹಾಗಾಗಿ ಸೆಲ್ಲಿನೊಳಗೆ 96,00,000 ಸರಿಯಾಗಿಯೇ ಇತ್ತು, ಹೊರಗೆ ಮಾತ್ರ 9.6 ಎಂದು ಕಾಣುತ್ತಿತ್ತು. ಫಾರ್ಮುಲಾ ಸರಿ, ಟ್ಯಾಲಿಯ ಜೊತೆ ಹೊಂದಾಣಿಕೆಯೂ ಸರಿ, ಹೀಗಾಗಿ ನನ್ನ ತಾಳೆ ನೋಡುವಿಕೆಯಲ್ಲಿ ಏನೂ ಸಿಕ್ಕಲಿಲ್ಲ. ಈ ಕಾಮಾದ ಉಪಾಯದಲ್ಲಿ ಸಾವಿರ ಬರುತ್ತದೆ, ಮಿಲಿಯನ್ ಬರುತ್ತದೆ, ಲಕ್ಷ ಬರುವುದಿಲ್ಲ. ಲಕ್ಷ ಬೇಕಾದರೆ ಭಾಗಿಸಲೇಬೇಕು. ಒಂದೇ ಪುಟದಲ್ಲಿ ಒಂದು ಕಡೆ ಭಾಗಾಕಾರ, ಇನ್ನೊಂದು ಕಡೆ ಫಾರ್ಮ್ಯಾಟ್ ಬೆರೆತರೆ ಹತ್ತು ಪಟ್ಟು ವ್ಯತ್ಯಾಸ ಸದ್ದಿಲ್ಲದೆ ಬರುವುದು ಇಲ್ಲಿಂದಲೇ.

ಆದ್ದರಿಂದ ಹೀಗೆ ಮಾಡಿ. ಟ್ಯಾಲಿಯಿಂದ ಬಂದ ಅಂಕಿಗಳು `Data` ಎಂಬ ಬೇರೆ ಶೀಟಿನಲ್ಲಿ ಪೂರ್ತಿ ರೂಪಾಯಿಯಲ್ಲೇ ಇರಲಿ. ಮಾಲೀಕರು ನೋಡುವ ಪುಟದ ಪ್ರತಿ ಮೊತ್ತಕ್ಕೂ ಇದೊಂದೇ ಬಗೆಯ ಫಾರ್ಮುಲಾ:

```
=Data!C5/100000
```

ಫಾರ್ಮ್ಯಾಟ್ ಎಲ್ಲದಕ್ಕೂ `0.0`. ಪುಟದ ತಲೆಯಲ್ಲಿ ದಪ್ಪಕ್ಷರದಲ್ಲಿ ಒಮ್ಮೆ "ಮೊತ್ತಗಳೆಲ್ಲ ಲಕ್ಷ ರೂಪಾಯಿಯಲ್ಲಿ" ಎಂದು ಬರೆಯಿರಿ. "42.3 ಲಕ್ಷ" ಎಂದು ಸೆಲ್ಲಿನೊಳಗೇ ಟೈಪ್ ಮಾಡಬೇಡಿ, ಅದು ಅಕ್ಷರವಾಗಿಬಿಡುತ್ತದೆ, ಮುಂದೆ ಕೂಡಲು ಕಳೆಯಲು ಬರುವುದಿಲ್ಲ. ಬ್ಯಾಂಕಿನಲ್ಲಿ 40 ಸಾವಿರವಷ್ಟೇ ಉಳಿದ ತಿಂಗಳು 0.4 ಎಂದೇ ಕಾಣಲಿ. ಅದೊಂದನ್ನು ಸಾವಿರಕ್ಕೆ ಬದಲಿಸುವ ಆಸೆ ಬರುತ್ತದೆ, ಬದಲಿಸಬೇಡಿ.

ಈಗ ಉಳಿಯಬೇಕಾದ ಏಳು ಅಂಕಿ. ಅವನ್ನು "ಸೇಲ್ಸ್", "ಅಕೌಂಟ್ಸ್", "ಗೋಡೌನ್" ಎಂದು ವಿಭಾಗವಾರು ಗುಂಪು ಮಾಡುವ ರೂಢಿ ಇದೆ. ನನಗೆ ಅದು ಒಪ್ಪಿಗೆಯಿಲ್ಲ. ಎರಡೇ ಗುಂಪು ಸಾಕು. ಎಡಕ್ಕೆ "ಈ ತಿಂಗಳಲ್ಲಿ ಆದದ್ದು": ಮಾರಾಟ 42.3, ಒಟ್ಟು ಲಾಭ 5.9, ಖರ್ಚು 3.8. ಬಲಕ್ಕೆ "ತಿಂಗಳ ಕೊನೆಗೆ ಇರುವುದು": ಉದ್ರಿ ಬಾಕಿ 96.0, ಸ್ಟಾಕ್ 61.4, ಕಂಪನಿಗಳಿಗೆ ಕೊಡಬೇಕಾದದ್ದು 70.2, ಬ್ಯಾಂಕಿನಲ್ಲಿ 4.7. ನಡುವೆ ಒಂದು ಕಾಲಂ ಖಾಲಿ ಬಿಡಿ. ಆ ಖಾಲಿ ಜಾಗವೇ ಗುಂಪನ್ನು ಬೇರ್ಪಡಿಸುತ್ತದೆ, ಪ್ರತಿ ಅಂಕಿಗೂ ಪೆಟ್ಟಿಗೆ ಎಳೆದರೆ ಏಳೂ ಬಿಡಿಬಿಡಿಯಾಗಿ ಕಾಣುತ್ತವೆ.

ಎಡದವು ಹರಿಯುವ ಅಂಕಿಗಳು, ಬಲದವು ನಿಂತ ಅಂಕಿಗಳು. ಎಡದವನ್ನು ಏಪ್ರಿಲ್‌ನಿಂದ ಇಲ್ಲಿಯವರೆಗೆ ಕೂಡಬಹುದು. ಬಲದವನ್ನು ಕೂಡಿದರೆ ಅರ್ಥವೇ ಇಲ್ಲ: ಮೂರು ತಿಂಗಳ ಉದ್ರಿ ಬಾಕಿ ಕೂಡಿಸಿದರೆ ಅದೇ ಬಿಲ್ಲು ಮೂರು ಸಲ ಲೆಕ್ಕಕ್ಕೆ ಬರುತ್ತದೆ. "ವರ್ಷದ ಮೊತ್ತ" ಎಂಬ ಕಾಲಂ ಪುಟದುದ್ದಕ್ಕೂ ಎಳೆದವರೆಲ್ಲ ಈ ತಪ್ಪು ಮಾಡಿರುತ್ತಾರೆ. ಹೋಲಿಕೆಯೂ ಬೇರೆ ಬೇರೆ. ಬಲದ್ದಕ್ಕೆ ಹಿಂದಿನ ತಿಂಗಳ ಕೊನೆ, ಎಡದ್ದಕ್ಕೆ ಹಿಂದಿನ ವರ್ಷದ ಅದೇ ತಿಂಗಳು. ಶೇಕಡಾ ಲಾಭ ಕಳೆದ ವರ್ಷ 15.2 ಇದ್ದು ಈಗ 13.9 ಆಗಿದ್ದರೆ "1.3 ಅಂಶ ಇಳಿಕೆ" ಎಂದು ಬರೆಯಿರಿ. "ಶೇ 8.6 ಇಳಿಕೆ" ಎಂದು ಬರೆದರೆ ಓದುವವರು 8.6ನ್ನು ಲಾಭದ ದರದಿಂದಲೇ ಕಳೆದುಬಿಡುತ್ತಾರೆ.

ಬಲದ ಅಂಕಿಗಳ ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲು ಇರಲೇಬೇಕು: ಎಷ್ಟು ದಿನದ್ದು. ನನ್ನ ತಪ್ಪನ್ನು ಇದೊಂದೇ ಹಿಡಿಯುತ್ತಿತ್ತು. ಉದ್ರಿಯದು ಹೀಗೆ ಬರುತ್ತದೆ. ಮಾರಾಟದ 42.3ರಲ್ಲಿ ಜಿಎಸ್‌ಟಿ ಸೇರಿಲ್ಲ, ಆದರೆ ಗಿರಾಕಿ ಕೊಡಬೇಕಾದ ಬಾಕಿಯಲ್ಲಿ ಸೇರಿದೆ. ಆದ್ದರಿಂದ ಮೊದಲು ಮಾರಾಟಕ್ಕೂ ಸೇರಿಸಿಕೊಳ್ಳಿ. ಶೇ 18ರ ಸಾಮಾನು ಎಂದಾದರೆ 42.3 × 1.18, ಅಂದರೆ 49.9. ಬಳಿಕ 96 ÷ 49.9 × 30, ಸುಮಾರು 58 ದಿನ. ಜಿಎಸ್‌ಟಿ ಸೇರಿಸದೆ ಮಾಡಿದರೆ 68 ದಿನ ಬಂದು ಸುಮ್ಮನೆ ಗಾಬರಿಯಾಗುತ್ತದೆ. ನನ್ನ ಪುಟದಲ್ಲಿದ್ದ 9.6ಕ್ಕೆ ಇದೇ ಲೆಕ್ಕ ಹಾಕಿದ್ದರೆ 6 ದಿನ ಬರುತ್ತಿತ್ತು. 45 ದಿನ ಉದ್ರಿ ಕೊಡುವ ಅಂಗಡಿಯಲ್ಲಿ 6 ದಿನದ ಬಾಕಿ ಇರಲು ಸಾಧ್ಯವಿಲ್ಲ ಎಂದು ಗಲ್ಲಾಪೆಟ್ಟಿಗೆಯ ಹುಡುಗನೂ ಹೇಳುತ್ತಿದ್ದ. ಮಾರಾಟ ಏರಿಳಿಯುವ ತಿಂಗಳಲ್ಲಿ ಈ ದಿನಗಳೂ ಕುಣಿಯುತ್ತವೆ, ಆಗ ಒಂದು ತಿಂಗಳ ಬದಲು ಹಿಂದಿನ ಮೂರು ತಿಂಗಳ ಮಾರಾಟ ಕೂಡಿ 90ರಿಂದ ಗುಣಿಸಿ.

ಸ್ಟಾಕಿಗೆ ಮಾರಾಟವನ್ನಲ್ಲ, ಮಾರಿದ ಮಾಲಿನ ಖರೀದಿ ಬೆಲೆಯನ್ನು ತೆಗೆದುಕೊಳ್ಳಿ: 42.3ರಿಂದ 5.9 ಕಳೆದು 36.4. ಸುಮಾರು 51 ದಿನದ ಸ್ಟಾಕ್. ಇಲ್ಲಿ ಜಿಎಸ್‌ಟಿ ಎರಡೂ ಕಡೆ ಇಲ್ಲ, ಸೇರಿಸಬೇಕಿಲ್ಲ.

ಉಳಿದ 15 ಅಂಕಿ, ಬ್ರ್ಯಾಂಡ್‌ವಾರು ಮಾರಾಟ, ಸೇಲ್ಸ್‌ಮನ್‌ವಾರು ವಸೂಲಿ ಇತ್ಯಾದಿ, ಎರಡನೇ ಶೀಟಿಗೆ ಹೋಗಲಿ. ಏಳರಲ್ಲಿ ಯಾವುದಾದರೂ ಕೆಟ್ಟಾಗ ಮಾತ್ರ ಅದನ್ನು ತೆರೆಯುತ್ತಾರೆ.

ಮೊದಲ ಸಲ ಕೊಡುವ ಮುಂಚೆ ಪ್ರತಿ ಮೊತ್ತದ ಸೆಲ್ ಮೇಲೂ ನಿಂತು `Ctrl+1` ಒತ್ತಿ ಫಾರ್ಮ್ಯಾಟ್ ನೋಡಿ. `0.0` ಬಿಟ್ಟು ಬೇರೇನೇ ಕಂಡರೂ ಬದಲಿಸಿ. ಅಕ್ಟೋಬರ್ ಮತ್ತು ನವೆಂಬರ್ ಪುಟಗಳಲ್ಲಿ ಇನ್ನೊಂದು ಎಚ್ಚರ: ದೀಪಾವಳಿ 2023ರಲ್ಲಿ ನವೆಂಬರ್ ನಡುವೆ ಬಂತು, 2025ರಲ್ಲಿ ಅಕ್ಟೋಬರ್‌ನಲ್ಲೇ ಮುಗಿಯಿತು. ಲೈಟು, ಸೀರಿಯಲ್ ಸೆಟ್ ಮಾರುವವರಿಗೆ ತಿಂಗಳಿಂದ ತಿಂಗಳಿಗೆ ಹೋಲಿಸಿದರೆ ಒಂದು ವರ್ಷ ಭಾರಿ ಏರಿಕೆ, ಮರುವರ್ಷ ಭಾರಿ ಇಳಿಕೆ ಕಾಣುತ್ತದೆ. ನವೆಂಬರ್ ಪುಟದಲ್ಲಿ ಎರಡೂ ತಿಂಗಳು ಕೂಡಿದ ಮಾರಾಟವನ್ನು ಹಿಂದಿನ ವರ್ಷದ ಎರಡೂ ತಿಂಗಳಿನ ಎದುರಿಗಿಟ್ಟು ಕೊಡಿ.