‘ಎಕ್ಸ್‌ಚೇಂಜ್’ ಅಂದರೆ ಪಾರ್ಸೆಲ್ ಅದಲುಬದಲಾಯಿತು ಅಂತಲ್ಲ

ಪ್ರಶ್ನೆ: ಜರ್ಮನಿಯಲ್ಲಿರೋ ಮೊಮ್ಮಗ ಅಲ್ಲಿನ ಅಂಗಡಿಯಿಂದ ನನಗೆ ದೀಪ ಇರೋ ಭೂತಗನ್ನಡಿ ಆರ್ಡರ್ ಮಾಡಿದಾನೆ. ಫೋನಲ್ಲಿ ನೋಡಿದ್ರೆ ಹದಿಮೂರು ದಿನದಿಂದ ‘Departure from outward office of exchange’ ಅಂತಲೇ ಇದೆ. ಎಕ್ಸ್‌ಚೇಂಜ್ ಆಗಿದೆ ಅಂದ ಪಕ್ಕದ ಮನೆ ಹುಡುಗ. ಬೇರೆಯವರ ಪಾಲಾಯ್ತಾ? ಇವತ್ತು ಇಪ್ಪತ್ತೈದು ರೂಪಾಯಿ ಕಟ್ಟಿ ಅಂತ ಮೆಸೇಜೂ ಬಂದಿದೆ.
– ಒಬ್ಬ ಅಜ್ಜಿ, ಮಂಡ್ಯ

ಉತ್ತರ: ಅಮ್ಮ, ಮೊದಲು ಆ ಮೆಸೇಜನ್ನು ಅಳಿಸಿಬಿಡಿ, ಅದರಲ್ಲಿರುವ ಲಿಂಕ್ ಒತ್ತಬೇಡಿ. ಅಂಚೆಯ ಹೆಸರಿನಲ್ಲಿ ಬರುವ ಇಂಥ ಮೆಸೇಜುಗಳು ಬ್ಯಾಂಕಿನ ವಿವರ ಕದಿಯುವವರದು. ಅಂಚೆಯಲ್ಲಿ ಬಂದ ಪಾರ್ಸೆಲ್‌ಗೆ ಕಸ್ಟಮ್ಸ್ ಸುಂಕ ಬಿದ್ದರೆ, ಅದನ್ನು ನಿಮ್ಮ ಕೈಗೆ ಕೊಡುವಾಗ ಅಂಚೆಯವರೇ ಕೇಳುತ್ತಾರೆ. ರಸೀದಿ ಪಡೆದೇ ಹಣ ಕೊಡಿ.

ಇನ್ನು ಆ ಪದ. ಒಂದು ದೇಶದ ಅಂಚೆ ಇನ್ನೊಂದು ದೇಶದ ಅಂಚೆಗೆ ಚೀಲಗಳನ್ನು ಒಪ್ಪಿಸುವ ಕಚೇರಿಗೆ ‘ಆಫೀಸ್ ಆಫ್ ಎಕ್ಸ್‌ಚೇಂಜ್’ ಅನ್ನುತ್ತಾರೆ. ನಿಮ್ಮ ಪಾರ್ಸೆಲ್ ಜರ್ಮನಿಯ ಅಂಥ ಕಚೇರಿ ದಾಟಿದೆ, ಅಷ್ಟೇ. ವಿಮಾನ ಏರಿತು ಅಂತ ಆ ಸಾಲು ಹೇಳುವುದಿಲ್ಲ. ಚೀಲ ಕಟ್ಟಿದ ಮೇಲೆ ಒಳಗಿನ ಪಾರ್ಸೆಲ್‌ಗಳನ್ನು ಒಂದೊಂದಾಗಿ ಯಾರೂ ಸ್ಕ್ಯಾನ್ ಮಾಡುವುದಿಲ್ಲ. ಚೀಲ ವಿಮಾನಕ್ಕೆ ಕಾದು, ಇಲ್ಲಿಗೆ ಬಂದು, ಬಿಚ್ಚುವವರೆಗೂ ಪುಟ ಮೂಕವಾಗಿರುತ್ತದೆ.

ಮೈಸೂರಿನ ನಮ್ಮ ಚಿಕ್ಕಮ್ಮನಿಗೂ ಹೀಗೇ ಆಯಿತು. ಮಗಳ ಮಗ ಕಳಿಸಿದ ಉಣ್ಣೆ ಶಾಲು. ದಿನಾ ಬೆಳಗ್ಗೆ ಕಾಫಿ ಲೋಟ ಪಕ್ಕಕ್ಕಿಟ್ಟು, ಪಂಚಾಂಗದ ಹಾಳೆಯ ಅಂಚಿನಲ್ಲಿ ಬರೆದುಕೊಂಡಿದ್ದ ಹದಿಮೂರು ಅಕ್ಷರದ ನಂಬರನ್ನು ಒತ್ತುತ್ತಿದ್ದರು. ಹದಿನೇಳು ದಿನ ಅದೇ ಸಾಲು. ಹದಿನೆಂಟನೆಯ ದಿನ ‘Arrival at inward office of exchange’ ಅಂತ ಬಂತು, ಅಂದರೆ ನಮ್ಮ ದೇಶದಲ್ಲಿ ಚೀಲ ಬಿಚ್ಚಿದರು. ಮರುದಿನ ‘Held by customs’ ಅಂತ ನೋಡಿ ಜಪ್ತಿ ಮಾಡಿದರೆಂದು ಅತ್ತೇಬಿಟ್ಟರು. ಆದರೆ ಸಾಮಾನ್ಯವಾಗಿ ಅದು ತಪಾಸಣೆಗೆ ಇಟ್ಟಿದ್ದಾರೆ ಅನ್ನುವುದಕ್ಕೆ ಹಾಕುವ ಸಾಲು. ನಾಲ್ಕು ದಿನದಲ್ಲಿ ಬಿಟ್ಟರು. ಪೋಸ್ಟ್‌ಮ್ಯಾನ್ ಸುಂಕದ ಚೀಟಿ ಸಮೇತ ಶಾಲು ತಂದುಕೊಟ್ಟ. ಉಡುಗೊರೆ ಅಂತ ಬರೆದಿದ್ದರೂ 2019ರ ಡಿಸೆಂಬರ್‌ನಿಂದ ಸುಂಕದ ವಿನಾಯಿತಿ ಇಲ್ಲ, ರಾಖಿ ಮತ್ತು ಜೀವ ಉಳಿಸುವ ಔಷಧಿ ಬಿಟ್ಟರೆ.

ನಿಮ್ಮ ನಂಬರಿನ ಕೊನೆಯ ಎರಡು ಅಕ್ಷರ DE ಇದೆಯೇ ನೋಡಿ. ಇದ್ದರೆ ಅದು ಜರ್ಮನಿಯ ಅಂಚೆ ಕೊಟ್ಟ ನಂಬರು. ಅದೇ ನಂಬರನ್ನು ಭಾರತೀಯ ಅಂಚೆಯ ಪುಟದಲ್ಲೂ ಹಾಕಿ ನೋಡಿ. ಚೀಲ ಬಿಚ್ಚಿದ ಮೇಲೆ ಇಲ್ಲಿನ ಸುದ್ದಿ ಹೆಚ್ಚಾಗಿ ಅಲ್ಲೇ ಮೊದಲು ಕಾಣುತ್ತದೆ.

ಹದಿಮೂರು ದಿನಕ್ಕೆ ದೂರು ಬೇಡ. ತಿಂಗಳು ದಾಟಿದರೂ ಸಾಲು ಬದಲಾಗದಿದ್ದರೆ ಮೊಮ್ಮಗನಿಗೆ ಫೋನ್ ಮಾಡಿ, ಅಂಗಡಿಯವರಿಂದಲೇ ಅಲ್ಲಿನ ಅಂಚೆಗೆ ವಿಚಾರಣೆ ಹಾಕಿಸಲು ಹೇಳಿ. ಪಾರ್ಸೆಲ್ ಹಾಕಿದ ದಿನದಿಂದ ಆರು ತಿಂಗಳೊಳಗೆ ಅದನ್ನು ಹಾಕಬೇಕು. ಅವರು ಕೊಟ್ಟ ರಸೀದಿಯ ಫೋಟೋವನ್ನು ಇವತ್ತೇ ತರಿಸಿ ಇಟ್ಟುಕೊಳ್ಳಿ.