ಬಾವಿಯ ಸೆಲೆ ಮತ್ತು ಎರಡು ಆರ್‌ಸಿ ಜೋಡಿ

"ಸ್ಕೂಟರ್ ಬ್ಯಾಟರಿಯ ಸಿಮ್ಯುಲೇಶನ್‌ನಲ್ಲಿ ಬರೀ ಒಳ ರೆಸಿಸ್ಟೆನ್ಸ್ ಹಾಕಿದ್ದೇನೆ. ಲೋಡ್ ತೆಗೆದ ತಕ್ಷಣ ನನ್ನ ಗ್ರಾಫ್ ನೇರ ಮೇಲೆ ಹೋಗಿ ನಿಲ್ಲುತ್ತದೆ, ನಿಜವಾದ ಸೆಲ್ ಮಾತ್ರ ನಿಧಾನಕ್ಕೆ ಏರುತ್ತದೆ. ಆರ್‌ಸಿ ಜೋಡಿ ಒಂದು ಸಾಕಾ, ಎರಡು ಬೇಕಾ? ಅದರ ಬೆಲೆಗಳನ್ನು ಎಲ್ಲಿಂದ ತರಬೇಕು?"

ಎರಡು ಹಾಕಿ. ಬೆಲೆಗಳನ್ನು ಡೇಟಾಶೀಟ್‌ನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ನಿಮ್ಮ ಸೆಲ್ಲನ್ನೇ ಅಳೆಯಬೇಕು. ನಾನು ಕಲಬುರಗಿಯಲ್ಲಿ ಇ-ಆಟೋ ಮತ್ತು ಸ್ಕೂಟರ್ ಬ್ಯಾಟರಿ ಪ್ಯಾಕ್ ಕಟ್ಟುವ, ರಿಪೇರಿ ಮಾಡುವ ಕೆಲಸದಲ್ಲಿದ್ದೇನೆ. ನಾನು ಮಾಡುವ ಅಳತೆಯನ್ನೇ ಪೂರ್ತಿ ಹೇಳುತ್ತೇನೆ.

ನಮ್ಮ ಕಡೆಯ ಹೊಲದ ಬಾವಿ ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಪಂಪ್ ಓಡಿಸಿದಾಗ ನೀರು ಇಳಿಯುತ್ತದೆ. ಪಂಪ್ ನಿಲ್ಲಿಸಿದರೆ ಹತ್ತಿರದ ಸೆಲೆಯಿಂದ ನೀರು ಬೇಗ ಬರುತ್ತದೆ, ದೂರದ ಮಣ್ಣಿನೊಳಗಿನ ನೀರು ಎಷ್ಟೋ ಹೊತ್ತು ಒಸರುತ್ತಲೇ ಇರುತ್ತದೆ. ಸೆಲ್ ಒಳಗೆ ಲಿಥಿಯಂ ಕೂಡ ಹಾಗೆಯೇ. ಕರೆಂಟ್ ಎಳೆದಾಗ ಎಲೆಕ್ಟ್ರೋಡ್ ಕಣದ ಮೇಲ್ಮೈಯಲ್ಲಿ ಒಂದು ಮಟ್ಟ, ಒಳಗೆ ಇನ್ನೊಂದು ಮಟ್ಟ ಆಗುತ್ತದೆ. ಕರೆಂಟ್ ನಿಂತ ಮೇಲೆ ಆ ವ್ಯತ್ಯಾಸ ಸಮ ಆಗಲು ಸಮಯ ಬೇಕು. ಒಂದು ರೆಸಿಸ್ಟರ್, ಅದಕ್ಕೆ ಸಮಾಂತರವಾಗಿ ಒಂದು ಕೆಪಾಸಿಟರ್ ಇರುವ ಆರ್‌ಸಿ ಜೋಡಿ ಆ ಸಮಯವನ್ನೇ ಹಿಡಿಯುತ್ತದೆ.

ಈಗ ಒಂದು ಲೆಕ್ಕ. 2.5 ಆಂಪಿಯರ್-ಅವರ್‌ನ ಒಂದು 18650 ಎನ್‌ಎಂಸಿ ಸೆಲ್ ತಗೊಳ್ಳಿ. ಅರ್ಧದ ಹತ್ತಿರ ಚಾರ್ಜ್ ಇದೆ, ಸುಮ್ನೆ ಬಿಟ್ಟಾಗ 3.680 ವೋಲ್ಟ್. ಅದರಿಂದ 2.5 ಆಂಪಿಯರ್ ಅನ್ನು 6 ನಿಮಿಷ ಎಳೆಯಿರಿ. ಅಂದರೆ ಹತ್ತನೇ ಒಂದು ಭಾಗ ಚಾರ್ಜ್ ಖಾಲಿ. ಕೊನೆಯ ಕ್ಷಣದಲ್ಲಿ ವೋಲ್ಟೇಜ್ 3.505. ಲೋಡ್ ತೆಗೆದ ಕೂಡಲೇ 3.580ಕ್ಕೆ ಜಿಗಿಯುತ್ತದೆ. ಆಮೇಲೆ ನಿಧಾನಕ್ಕೆ ಏರಿ, ಒಂದು ಗಂಟೆಯ ನಂತರ 3.630ರಲ್ಲಿ ನಿಲ್ಲುತ್ತದೆ. ಮೊದಲಿನ 3.680ಕ್ಕೆ ಅದು ವಾಪಸ್ ಬರುವುದಿಲ್ಲ, ಚಾರ್ಜ್ ಕಡಿಮೆ ಆಗಿದೆಯಲ್ವಾ. ಅದಕ್ಕೇ ನಾನು ಲೋಡ್ ಹಾಕಿದ ಭಾಗವನ್ನು ಬಿಟ್ಟು, ತೆಗೆದ ಮೇಲಿನ ಭಾಗದಲ್ಲೇ ಅಳೆಯುತ್ತೇನೆ. ಅಲ್ಲಿ ಚಾರ್ಜ್ ಬದಲಾಗುವುದಿಲ್ಲ, ಲೆಕ್ಕ ಕಲಬೆರಕೆ ಆಗುವುದಿಲ್ಲ.

ತಕ್ಷಣದ ಜಿಗಿತ 75 ಮಿಲಿವೋಲ್ಟ್. ಅದನ್ನು 2.5 ಆಂಪಿಯರ್‌ನಿಂದ ಭಾಗಿಸಿದರೆ 30 ಮಿಲಿಓಮ್. ಇದು `R0`. ಉಳಿದದ್ದು ನಿಧಾನಕ್ಕೆ ಏರಿದ 50 ಮಿಲಿವೋಲ್ಟ್.

ಕೊನೆಯ ಮಟ್ಟ ಮುಟ್ಟಲು ಇನ್ನೂ ಎಷ್ಟು ಬಾಕಿ ಇದೆ ಎಂದು ಬರೆಯುತ್ತಾ ಹೋಗಿ. ಶುರುವಿನಲ್ಲಿ 50 ಮಿಲಿವೋಲ್ಟ್, 10 ಸೆಕೆಂಡಿಗೆ 37.5, 56ಕ್ಕೆ 18.4, 300ಕ್ಕೆ 7.4, 600ಕ್ಕೆ 2.7. ಒಂದೇ ಜೋಡಿ ಸಾಕು ಎಂದುಕೊಂಡರೆ, ಬಾಕಿ 37 ಶೇಕಡಾಕ್ಕೆ ಇಳಿದ 56 ಸೆಕೆಂಡೇ ಅದರ ಟೈಮ್ ಕಾನ್ಸ್ಟಂಟ್. ಆ ಲೆಕ್ಕದಲ್ಲಿ 300ನೇ ಸೆಕೆಂಡಿಗೆ ಬಾಕಿ ಕಾಲು ಮಿಲಿವೋಲ್ಟ್ ಕೂಡ ಇರಬಾರದು. ಆದರೆ 7.4 ಇದೆ. ಒಂದು ಜೋಡಿ ಸಾಲುವುದಿಲ್ಲ ಎಂದು ಸೆಲ್ಲೇ ಹೇಳುತ್ತಿದೆ.

ಆದ್ದರಿಂದ ಬಾಲದಿಂದ ಶುರು ಮಾಡಿ. 300ರಿಂದ 600 ಸೆಕೆಂಡಿನ ನಡುವೆ ಬಾಕಿ 7.4ರಿಂದ 2.7ಕ್ಕೆ, ಅಂದರೆ 37 ಶೇಕಡಾಕ್ಕೆ ಇಳಿದಿದೆ. ನಿಧಾನದ ಜೋಡಿಯ ಟೈಮ್ ಕಾನ್ಸ್ಟಂಟ್ 300 ಸೆಕೆಂಡ್. ಇದೇ ಗೆರೆಯನ್ನು ಸೊನ್ನೆ ಸೆಕೆಂಡಿಗೆ ಹಿಂದಕ್ಕೆ ಎಳೆದರೆ 20 ಮಿಲಿವೋಲ್ಟ್ ಬರುತ್ತದೆ. ಹಾಗಾದರೆ ಬೇಗದ ಜೋಡಿಯ ಪಾಲು 30. ಹತ್ತನೇ ಸೆಕೆಂಡಿನ 37.5ರಲ್ಲಿ ನಿಧಾನದ ಪಾಲು 19.3 ಕಳೆದರೆ 18.2 ಉಳಿಯುತ್ತದೆ. 30 ಮಿಲಿವೋಲ್ಟ್ ಹತ್ತು ಸೆಕೆಂಡಿನಲ್ಲಿ 18.2 ಆಗಬೇಕಾದರೆ ಟೈಮ್ ಕಾನ್ಸ್ಟಂಟ್ 20 ಸೆಕೆಂಡ್.

ಇಲ್ಲಿ ಬಹಳ ಜನ ಎಡವುತ್ತಾರೆ. ಬೇಗದ ಜೋಡಿಗೆ 6 ನಿಮಿಷ ಧಾರಾಳ ಸಾಕು. ಅದು ಪೂರ್ತಿ ತುಂಬಿರುತ್ತದೆ, ಹಾಗಾಗಿ `R1` ಎಂದರೆ 30 ಭಾಗಿಸು 2.5, ಅಂದರೆ 12 ಮಿಲಿಓಮ್. ನಿಧಾನದ್ದು 360 ಸೆಕೆಂಡಿನಲ್ಲಿ 70 ಶೇಕಡಾ ಮಾತ್ರ ತುಂಬಿರುತ್ತದೆ. ಆದ್ದರಿಂದ 20 ಅನ್ನು 2.5ರಿಂದ ಭಾಗಿಸಿ, ಮತ್ತೆ 0.70ರಿಂದಲೂ ಭಾಗಿಸಬೇಕು. ಆಗ `R2` 11.4 ಮಿಲಿಓಮ್. ಇದನ್ನು ಮರೆತರೆ 8 ಬರುತ್ತದೆ. ಏರು ರಸ್ತೆಯಲ್ಲಿ ಹತ್ತು-ಹದಿನೈದು ನಿಮಿಷ ಒಂದೇ ಸಮ ಓಡುವ ಗಾಡಿಯಲ್ಲಿ ನಿಮ್ಮ ಮಾಡೆಲ್ ನಿಜಕ್ಕಿಂತ ಜಾಸ್ತಿ ವೋಲ್ಟೇಜ್ ತೋರಿಸುತ್ತದೆ.

ಟೈಮ್ ಕಾನ್ಸ್ಟಂಟನ್ನು ರೆಸಿಸ್ಟೆನ್ಸ್‌ನಿಂದ ಭಾಗಿಸಿದರೆ ಕೆಪಾಸಿಟರ್ ಬೆಲೆ. `C1` ಸುಮಾರು 1,670 ಫ್ಯಾರಡ್, `C2` ಸುಮಾರು 26,300 ಫ್ಯಾರಡ್. ಇಷ್ಟು ದೊಡ್ಡ ಸಂಖ್ಯೆ ನೋಡಿ ಹೆದರಬೇಡಿ. ಸೆಲ್ ಒಳಗೆ ಅಂಥ ಕೆಪಾಸಿಟರ್ ಇಲ್ಲ. ನಿಧಾನವನ್ನು ಹಿಡಿಯಲು ನಾವು ಇಟ್ಟ ಸಂಖ್ಯೆ ಅದು. ಸಿಮ್ಯುಲೇಶನ್‌ಗೆ ಇಷ್ಟೇ ಬೇಕು. ಇದರಲ್ಲಿ ಎಳೆಯುವ ಕರೆಂಟ್ `I` ಪ್ಲಸ್, `soc` ಎಂದರೆ ಚಾರ್ಜ್ ಮಟ್ಟ, `ocv` ಎಂದರೆ ಆ ಮಟ್ಟದಲ್ಲಿ ಸುಮ್ನೆ ಬಿಟ್ಟ ಸೆಲ್‌ನ ವೋಲ್ಟೇಜ್:

```python
a1 = exp(-dt/20)
a2 = exp(-dt/300)
v1 = a1*v1 + 0.012*(1-a1)*I
v2 = a2*v2 + 0.0114*(1-a2)*I
v  = ocv(soc) - 0.030*I - v1 - v2
```

ಪ್ಯಾಕ್‌ನಲ್ಲಿ 13 ಸೆಲ್ ಸಾಲಾಗಿದ್ದರೆ ರೆಸಿಸ್ಟೆನ್ಸ್‌ಗಳನ್ನು 13ರಿಂದ ಗುಣಿಸಿ, ಕೆಪಾಸಿಟರ್‌ಗಳನ್ನು 13ರಿಂದ ಭಾಗಿಸಿ. ಟೈಮ್ ಕಾನ್ಸ್ಟಂಟ್ ಹಾಗೇ ಇರುತ್ತದೆ. ಜೋಡಣೆಯ ನಿಕ್ಕಲ್ ಪಟ್ಟಿಯ ರೆಸಿಸ್ಟೆನ್ಸ್ ಮಾತ್ರ `R0`ಗೆ ಸೇರಿಸಬೇಕು.

ನನ್ನಿಂದ ಆದ ಒಂದು ತಪ್ಪು ಹೇಳಲೇಬೇಕು. ಮೊದಲು ನಾನು 10 ಸೆಕೆಂಡಿಗೊಮ್ಮೆ ಬರೆದುಕೊಳ್ಳುವ ಲಾಗರ್ ಬಳಸುತ್ತಿದ್ದೆ. ಮೇಲಿನಂಥ ಸೆಲ್‌ನಲ್ಲಿ ಅದು ಕಾಣುವ ಮೊದಲ ಜಿಗಿತ 87.5 ಮಿಲಿವೋಲ್ಟ್, ಏಕೆಂದರೆ ಹತ್ತು ಸೆಕೆಂಡಿನಲ್ಲಿ ನಡೆದ ಏರಿಕೆಯೂ ಅದರಲ್ಲೇ ಸೇರಿರುತ್ತದೆ. `R0` 30ರ ಬದಲು 35 ಆಗುತ್ತದೆ. ದೀರ್ಘ ಓಟದಲ್ಲಿ ಇದು ಗೊತ್ತೇ ಆಗಲಿಲ್ಲ. ರೈಲ್ವೆ ಸ್ಟೇಷನ್ ಎದುರು ಆಟೋ ಹೊರಡುವಾಗಿನ ಒಂದೆರಡು ಸೆಕೆಂಡಿನ ಎಳೆತದಲ್ಲಿ ಸಿಕ್ಕಿಬಿತ್ತು: ಮಾಡೆಲ್ ಪ್ರತಿ ಸಲವೂ ನಿಜಕ್ಕಿಂತ ಕೆಳಗೆ ಇಳಿಯುತ್ತಿತ್ತು. ಈಗ ಲೋಡ್ ತೆಗೆದ ಮೊದಲ ನಿಮಿಷ 0.1 ಸೆಕೆಂಡಿಗೊಮ್ಮೆ ಬರೆಯುತ್ತೇನೆ. 1 ಕಿಲೋಹರ್ಟ್ಜ್ ಮೀಟರ್ ತೋರಿಸುವ ರೆಸಿಸ್ಟೆನ್ಸನ್ನು `R0` ಎಂದು ಹಾಕಬೇಡಿ. ಅದು ಇನ್ನೂ ಬೇಗದ ಅಳತೆ, ಕಡಿಮೆ ತೋರಿಸುತ್ತದೆ.

ಇನ್ನೊಂದು ಕಷ್ಟ ವಿಶ್ರಾಂತಿಯದ್ದು. ಗಂಟೆ ಮುಗಿಯುವ ಮೊದಲು ಮನೆಯ ಕರೆಂಟ್ ಹೋಗಿ ಲಾಗರ್ ನಿಂತರೆ ಕೊನೆಯ ಮಟ್ಟ ಗೊತ್ತಾಗುವುದಿಲ್ಲ. ಅದು ಒಂದು ಮಿಲಿವೋಲ್ಟ್ ತಪ್ಪಿದರೂ ಬಾಲದ ಲೆಕ್ಕ ಪೂರ್ತಿ ಕೆಡುತ್ತದೆ. ಮೇಲೆ 2.7 ಇದ್ದದ್ದು 1.7 ಆದರೆ, 7.4 ಇದ್ದದ್ದು 6.4 ಆಗುತ್ತದೆ, 300 ಸೆಕೆಂಡ್ ಇದ್ದದ್ದು ಸುಮಾರು 226ಕ್ಕೆ ಇಳಿಯುತ್ತದೆ. ಲಾಗರನ್ನು ಯುಪಿಎಸ್ ಮೇಲೆ ಇಡಿ.

ಈ ಐದು ಬೆಲೆಗಳು ಅರ್ಧ ಚಾರ್ಜ್‌ನ ಹತ್ತಿರ, ಆ ದಿನದ ಬಿಸಿಗೆ ಮಾತ್ರ ಸರಿ. ಚಾರ್ಜ್ ತಳ ಮುಟ್ಟುವ ಹೊತ್ತಿಗೆ ರೆಸಿಸ್ಟೆನ್ಸ್ ಬೇಗ ಏರುತ್ತದೆ. ಅದಕ್ಕೇ ಇದೇ 6 ನಿಮಿಷ ಎಳೆತ, ಒಂದು ಗಂಟೆ ವಿಶ್ರಾಂತಿಯನ್ನು ತುಂಬಿದ ಸೆಲ್‌ನಿಂದ ಖಾಲಿಯವರೆಗೆ ಹತ್ತು ಸಲ ಮಾಡಿ ಟೇಬಲ್ ಮಾಡಿಕೊಳ್ಳಬೇಕು. ತಂಪಿನಲ್ಲೂ ಏರುತ್ತದೆ. ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟಿದ ಶೆಡ್‌ನಲ್ಲಿ ಮಾಡಿದ ಟೇಬಲ್ ಡಿಸೆಂಬರ್ ಬೆಳಗಿನ ಗಾಡಿಗೆ ಹೊಂದಲಿಲ್ಲ. ಗಾಡಿಯ ವೋಲ್ಟೇಜ್ ಮಾಡೆಲ್‌ಗಿಂತ ಕೆಳಗೇ ಇತ್ತು. ಎರಡು ಋತುವಿಗೆ ಎರಡು ಟೇಬಲ್ ಮಾಡಿದ ಮೇಲೆ ಸರಿಹೋಯಿತು.

ನಿಮ್ಮದು ಎಲ್‌ಎಫ್‌ಪಿ ಪ್ಯಾಕ್ ಆಗಿದ್ದರೆ ಒಂದು ಎಚ್ಚರ. ಅದರಲ್ಲಿ ಚಾರ್ಜ್ ಮಾಡಿ ಬಿಟ್ಟಾಗ ಬರುವ ವೋಲ್ಟೇಜ್, ಖಾಲಿ ಮಾಡಿ ಬಿಟ್ಟಾಗ ಬರುವ ವೋಲ್ಟೇಜ್, ಒಂದೇ ಚಾರ್ಜ್ ಮಟ್ಟದಲ್ಲೂ ಬೇರೆ ಬೇರೆ. ಗಂಟೆಗಟ್ಟಲೆ ಕಾದರೂ ಆ ಅಂತರ ಹೋಗುವುದಿಲ್ಲ. ಆರ್‌ಸಿ ಜೋಡಿಯ ವೋಲ್ಟೇಜ್ ಮಾತ್ರ ವಿಶ್ರಾಂತಿಯಲ್ಲಿ ಸೊನ್ನೆಗೆ ಬಂದೇ ಬರುತ್ತದೆ. ಆದ್ದರಿಂದ ಮೂರನೇ, ನಾಲ್ಕನೇ ಜೋಡಿ ಹಾಕಿ ಅದನ್ನು ಹಿಡಿಯಲು ಹೋಗಬೇಡಿ. ಚಾರ್ಜ್‌ಗೆ ಒಂದು, ಡಿಸ್ಚಾರ್ಜ್‌ಗೆ ಒಂದು `ocv` ಟೇಬಲ್ ಇಟ್ಟು ಶುರು ಮಾಡಿ.